ಬಂದೆನು, ಬಂದೇನು

ಆಳಂದ, ಅಫಜಲಪುರ, ಈಗ ಜೇವರ್ಗಿ. ಮೂರು ತಾಲೂಕುಗಳಲ್ಲಿ ಕನ್ನಡ ಮೇಷ್ಟ್ರಾಗಿ ನಾನು ಮಾಡಿದ್ದು ಒಂದೇ ಕೆಲಸ: ಮಕ್ಕಳ ಬಾಯಲ್ಲಿದ್ದ ಕನ್ನಡವನ್ನು ಅವರ ಪಟ್ಟಿಯಿಂದ, ಎಂದರೆ ನೋಟ್‌ಬುಕ್ಕಿನಿಂದ, ಹೊರಗಟ್ಟುವುದು. ಅದೂ ಪೂರ್ತಿ ಆಗಲಿಲ್ಲ. ಸಾಕಾಗಿದೆ.

ಹೋದ ವರ್ಷ ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಳು. ಆಳಂದದಲ್ಲಿ ನನ್ನ ಕೈಯಲ್ಲಿ ಹತ್ತನೇ ತರಗತಿ ಓದಿದವಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ನಮ್ಮ ಕಡೆಯ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ. ಮೂರನ್ನೂ ಹೊತ್ತುಕೊಂಡೇ ಪಾಸಾದಳು. ಮದುವೆಯಾಗಿ ಈ ತಾಲೂಕಿನ ಅಂದೋಲಾ ಕಡೆಗೆ ಬಂದು ಅಲ್ಲೇ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದಳು. ಗಂಡನ ಮನೆಯಲ್ಲಿ ಕನ್ನಡ ಬರೆಯಬಲ್ಲವಳು ಅವಳೊಬ್ಬಳೇ. ಓಣಿಯವರ ಅರ್ಜಿಗಳನ್ನೂ ಅವಳೇ ಬರೆದುಕೊಡುತ್ತಿದ್ದಳು.

ಒಂದು ದಿನ ಅಂಗನವಾಡಿಗೆ ಬೀಗ ಹಾಕಿತ್ತೆಂದು ಯಾರೋ ದೂರು ಕೊಟ್ಟಿದ್ದರು. ಕಾರಣ ಕೇಳಿ ನೋಟಿಸು ಬಂತು. ಅವಳು ಉತ್ತರ ಬರೆದಳು. ಅದು ಸಮರ್ಪಕವಾಗಿಲ್ಲ, ಕೆಲಸದಿಂದ ಏಕೆ ತೆಗೆಯಬಾರದು ಎಂದು ಈಗ ಎರಡನೇ ನೋಟಿಸು. ಸುಳ್ಳು ಬರೆದಿಲ್ಲ, ಆದರೂ ಹೀಗೇಕೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ.

ಉತ್ತರದ ಪ್ರತಿ ಕೊಟ್ಟಳು. ಅಕ್ಷರಗಳು ಮೊದಲಿನಂತೆಯೇ ದುಂಡಗಿದ್ದವು. ‘ನಾನು ಆ ದಿನ ಒಂಬತ್ತು ಗಂಟೆಗೆ ಬಂದೇನು. ಬೀಗ ತೆಗೆದೇನು. ಮಕ್ಕಳಿಗೆ ಊಟ ಕೊಟ್ಟೇನು. ಮಧ್ಯಾಹ್ನ ಬೀಗ ಹಾಕಿ ಮೀಟಿಂಗಿಗೆ ಹೋದೇನು.’

ಓದಿದ ಕೂಡಲೇ ತಪ್ಪು ಗೊತ್ತಾಯಿತು. ನಮ್ಮ ಕಡೆ ‘ಬಂದೇನಿ’ ಎಂದರೆ ಬಂದಿದ್ದೇನೆ ಎಂದು, ಕೆಲಸ ಆಗಿಹೋಗಿದೆ. ಬರಹದಲ್ಲಿ ‘ಬಂದೆನು’ ಎಂದರೆ ಬಂದದ್ದಾಯಿತು. ಆದರೆ ‘ಬಂದೇನಿ’ಯ ದೀರ್ಘ ಉಳಿಸಿಕೊಂಡು ‘ಬಂದೇನು’ ಎಂದರೆ ಅದು ಸಂಭಾವನಾರ್ಥಕ: ಬರಬಹುದು, ಬಾರದೆಯೂ ಇರಬಹುದು. ಬಂದು, ಬೀಗ ತೆಗೆದು, ಉಣ್ಣಿಸಿದವಳು ಕಾಗದದ ಮೇಲೆ ಮನಸ್ಸಾದರೆ ಬರುವವಳಾಗಿದ್ದಳು.

ಹೀಗೆ ಯಾಕೆ ಬರೆದೆ ಎಂದು ಕೇಳಿದೆ.

“ನೀವ ಹೇಳಿದ್ರಲ್ರಿ ಸರ್. ಬರಿಯೂವಾಗ ಕೊನಿಗಿ ನಿ ಬರಬಾರ್ದು, ನು ಬರಬೇಕು ಅಂತ.”

ಹೇಳಿದ್ದು ನಿಜ. ಆಗ ಪಟ್ಟಿಗಳ ರಾಶಿ ತಿದ್ದುತ್ತ ಕೂತಿರುತ್ತಿದ್ದೆ. ಎಲ್ಲರೂ ಬಂದೇನಿ, ಕೊಟ್ಟೇನಿ ಎಂದೇ ಬರೆಯುವವರು. ಬೇಸತ್ತು ‘ನಿ’ ಹೊಡೆದು ಮೇಲೆ ‘ನು’ ಹಾಕಿ ಮುಂದಿನ ಪಟ್ಟಿ ಎಳೆದುಕೊಳ್ಳುತ್ತಿದ್ದೆ. ಹಿಂದಿನ ದೀರ್ಘವನ್ನು ಹೊಡೆಯಲು ಮರೆತದ್ದೆಷ್ಟು ಸಲವೋ. ದಡ್ಡರು ಯಾರೂ ನನ್ನ ಮಾತು ಕೇಳಲಿಲ್ಲ, ಬಚಾವಾದರು. ಕೇಳಿದವಳು ಇವಳೊಬ್ಬಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿದ್ದವಳು ಅವಳು. ತಪ್ಪು ನನ್ನದು ಎಂದು ಅವಳಿಗೆ ಅಲ್ಲೇ ಹೇಳಿದೆ. ಅವಳು ಪ್ರತಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಅವಳ ಜೊತೆ ನೋಟಿಸು ಕಳಿಸಿದ ಕಚೇರಿಗೆ ಹೋದೆ. ಅಧಿಕಾರಿ ಮೈಸೂರು ಕಡೆಯವರು, ಒಳ್ಳೆಯವರೇ. ಕಾಗದದ ಮೇಲೆ ಬೆರಳಿಟ್ಟು ಕೇಳಿದರು:

“ಬಂದೇನು ಅಂದ್ರೆ ಏನ್ರೀ ಮೇಷ್ಟ್ರೇ? ಬಂದ್ರೆ ಬಂದೆ, ಇಲ್ದಿದ್ರೆ ಇಲ್ಲ ಅಂತಾನಾ?”

ಅರ್ಧ ಗಂಟೆ ವ್ಯಾಕರಣ ಹೇಳಿದೆ. ಮೂವತ್ತು ವರ್ಷದ ಪಾಠದಲ್ಲಿ ಇಷ್ಟು ಗಮನವಿಟ್ಟು ಕೇಳಿದವರು ಇಲ್ಲ. ಕೊನೆಗೆ ಅವರು ಅವಳತ್ತ ತಿರುಗಿ, ಆ ದಿನ ಏನಾಯಿತೆಂದು ಬಾಯಲ್ಲೇ ಹೇಳಮ್ಮ ಎಂದರು.

“ಒಂಬತ್ತಕ್ಕ ಬಂದೇನ್ರಿ. ಬೀಗ ತಗದೇನಿ. ಹುಡುಗೂರಿಗಿ ಉಣ್ಣಾಕ ಕೊಟ್ಟೇನಿ. ಮಧ್ಯಾಹ್ನ ಮೀಟಿಂಗಿಗಿ ಕರದ್ರಿ, ಬೀಗ ಹಾಕಿ ಇಲ್ಲಿಗೇ ಬಂದೇನ್ರಿ.”

ಅವರು ಮೀಟಿಂಗಿನ ಹಾಜರಿ ಪುಸ್ತಕ ತರಿಸಿದರು. ಅವಳ ಸಹಿ ಇತ್ತು. ಹೊಸ ಉತ್ತರ ಬರೆದುಕೊಟ್ಟರೆ ನೋಟಿಸು ವಾಪಸು ಪಡೆಯುತ್ತೇನೆ, ಕೆಲಸಕ್ಕೇನೂ ತೊಂದರೆಯಿಲ್ಲ ಎಂದರು. ನನಗೆ ಜೀವ ಬಂದಂತಾಯಿತು.

ಹೊರಗೆ ವರಾಂಡದ ಬೆಂಚಿನ ಮೇಲೆ ಬಿಳಿ ಹಾಳೆ ಅವಳ ಮುಂದಿಟ್ಟೆ. ‘ಬಂದಿದ್ದೇನೆ’ ಅಂತ ಬರಿ, ಯಾವ ಗೊಂದಲವೂ ಇರುವುದಿಲ್ಲ ಎಂದೆ. ಅವಳು ಪೆನ್ನಿನ ಮುಚ್ಚಳ ತೆಗೆದಳು. ‘ನಾನು’ ಎಂದು ಬರೆದು ನಿಂತಳು. ಪೆನ್ನಿಗೆ ಮತ್ತೆ ಮುಚ್ಚಳ ಹಾಕಿ, ಹಾಳೆಯನ್ನು ನನ್ನ ಕಡೆ ಸರಿಸಿದಳು.

“ನೀವ ಬರೀರಿ ಸರ್. ನಂಗ ಈಗ ಅಂಜಕಿ ಬರ್ತದ.”

ನಾನು ಬರೆದೆ. ಒಂದೂ ತಪ್ಪಿಲ್ಲದಂತೆ ಬರೆದೆ. ಒಮ್ಮೆ ಓದಿ ನೋಡು ಎಂದೆ. ಅವಳು ಓದಲಿಲ್ಲ. ಸಹಿ ಎಲ್ಲಿ ಮಾಡಬೇಕು ಎಂದಷ್ಟೇ ಕೇಳಿದಳು.