ಸೋಮವಾರದ ಖಾನೆ

ಅವ್ವನನ್ನು ಕಲಬುರ್ಗಿಯ ದವಾಖಾನೆಯಿಂದ ಊರಿಗೆ ಕರೆತಂದಾಗ ನಮ್ಮ ಕೈಯಲ್ಲಿ ಒಂದು ಚೀಲ ಗುಳಿಗೆ, ಒಂದು ಉದ್ದನೆಯ ಚೀಟಿ ಇದ್ದವು. ಚೀಟಿ ಇಂಗ್ಲಿಷಿನಲ್ಲಿತ್ತು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಅಂಕಿ ಓದುತ್ತೇನೆ, ಇಂಗ್ಲಿಷಿನ ಅಕ್ಷರ ಓದಲು ಬರುವುದಿಲ್ಲ.

ಆಳಂದದ ಸುತ್ತಲಿನ ಹಳ್ಳಿಗಳಲ್ಲಿ, ಆಚೆ ಅಫಜಲಪುರದವರೆಗೂ, ಮನೆಗಳಿಗೆ ಫರಸಿ ಕಲ್ಲು ಹಾಸುವುದು ನನ್ನ ಕೆಲಸವಾಗಿತ್ತು. ನಾನು ಹಾಸಿದ ನೆಲದ ಮೇಲೆ ನೀರು ಚೆಲ್ಲಿದರೆ ಅದು ಬಚ್ಚಲ ಕಡೆಗೇ ಹೋಗಬೇಕು. ಹೋಗದಿದ್ದರೆ ಮನೆಯವರು ಸಾಕು ಅಂದರೂ ಕಲ್ಲು ಕಿತ್ತು ಮತ್ತೆ ಹಾಸುತ್ತಿದ್ದೆ. ಆ ವರ್ಷ ಕೆಲಸ ಬಹಳ ಇತ್ತು. ಸಂಜೆ ಮನೆಗೆ ಬಂದರೆ ಮಂಡಿಯೊಳಗೆ ಜೀವ ಇರುತ್ತಿರಲಿಲ್ಲ. ಬಂದ ಕೂಡಲೇ ಹೆಂಡತಿ ಗುಳಿಗೆಯ ಚೀಲ ತಂದು ಮುಂದೆ ಇಡುತ್ತಿದ್ದಳು.

"ಕೆಂಪಂದು ಮುಂಜಾನಿ ಕೊಟ್ಟೇನಿ. ಬಿಳಿವು ಮೂರು ಥರಾ ಅದಾವ, ಯಾವ್ದು ಕೊಟ್ಟೇನಿ ನೆಪ್ಪಿಲ್ಲ," ಅನ್ನುತ್ತಿದ್ದಳು.

"ನೆಪ್ಪಿಲ್ಲ ಅಂದ್ರ ಹ್ಯಾಂಗ?"

"ನೀವೇ ಮನ್ಯಾಗ ಕುಂಡ್ರಿ, ನಾ ಹೋಗಿ ಕಲ್ಲು ಹಾಸ್ತೇನಿ."

ನಾನು ಚೀಲ ಎತ್ತಿ ಮತ್ತೆ ಮೊಳೆಗೆ ತೂಗುಹಾಕುತ್ತಿದ್ದೆ.

ಊರಿಗೆ ಬಂದ ಮೇಲೆ ಅವ್ವ ಎರಡು ಸಲ ಬಿದ್ದಳು. ಒಮ್ಮೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಇನ್ನೊಮ್ಮೆ ಗೋಡೆಯಲ್ಲಿನ ದೇವರ ಮಾಡದ ಮುಂದೆ. ಎರಡು ಸಲವೂ ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿದ್ದವು, ಮಾತು ತೊದಲುತ್ತಿತ್ತು. ಬಾಯಿಗೆ ಬೆಲ್ಲದ ನೀರು ಹಾಕಿದ ಮೇಲೆ ಎದ್ದು ಕುಳಿತಳು. ಓಣಿಯವರು ದೃಷ್ಟಿ ಅಂದರು. ಅಕ್ಕ ಫೋನಿನಲ್ಲಿ ಅಶಕ್ತಿ ಅಂದಳು. ಗುಳಿಗೆಗಳು ಅದಲುಬದಲು ಆಗುತ್ತಿವೆ ಎಂದು ನನಗೆ ಅನ್ನಿಸಿತು. ಮೂರನೆಯ ಸಲ ಬಿದ್ದರೆ ಸೊಂಟ ಮುರಿಯುತ್ತದೆ, ಈ ವಯಸ್ಸಿಗೆ ಮುರಿದ ಎಲುಬು ಕೂಡುವುದಿಲ್ಲ ಎಂಬ ಅಂಜಿಕೆ ನನಗೂ ಹೆಂಡತಿಗೂ ಅಕ್ಕನಿಗೂ ಇತ್ತು.

ಅಕ್ಕ ಸೊಲ್ಲಾಪುರದಲ್ಲಿ ಇದ್ದಳು. ಅಲ್ಲಿಂದ ಬರುವಾಗ ಒಂದು ಪ್ಲಾಸ್ಟಿಕ್ ಡಬ್ಬಿ ತಂದಳು. ಏಳು ಸಾಲು, ಸಾಲಿಗೆ ನಾಲ್ಕು ಸಣ್ಣ ಖಾನೆ, ಪ್ರತಿ ಖಾನೆಗೂ ಮುಚ್ಚಳ. ವಾರದ ಗುಳಿಗೆ ಒಮ್ಮೆಲೇ ತುಂಬಿಟ್ಟರೆ ದಿನಾ ಚೀಲ ಹುಡುಕುವ ಕೆಲಸ ಇಲ್ಲ ಎಂದಳು.

"ಇದರಾಗ ಯಾವ್ದು ಎಲ್ಲಿ ಹಾಕೂದು ಯಾರು ಹೇಳ್ಬೇಕು?" ಅಂದೆ.

"ಅದನ್ನ ನೀನೇ ನೋಡ್ಕೊ. ನಾ ಡಬ್ಬಿ ತಂದೇನಿ," ಅಂದಳು.

ಅಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಗೌಂಡಿಗಳು ಕರಣಿ ಹಿಡಿಯುವುದಿಲ್ಲ. ಮುಂಜಾನೆ ಆಳಂದಕ್ಕೆ ಹೋಗಿ, ನಾವು ಗುಳಿಗೆ ಕೊಳ್ಳುವ ಔಷಧದ ಅಂಗಡಿಯವನ ಮುಂದೆ ಚೀಟಿ, ಚೀಲ ಎರಡನ್ನೂ ಇಟ್ಟೆ. ಗಿರಾಕಿ ಕಡಿಮೆ ಇದ್ದರು. ಅವನು ಚೀಟಿಯ ಒಂದೊಂದು ಸಾಲಿಗೆ ಬೆರಳಿಟ್ಟು ಅದರ ಗುಳಿಗೆಯ ಪಟ್ಟಿ ತೆಗೆದು ತೋರಿಸಿದ.

"ಒಂದು, ಸೊನ್ನೆ, ಸೊನ್ನೆ ಅಂದ್ರ ಮುಂಜಾನಿ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಇದು ಸಕ್ಕರಿ ಗುಳಿಗಿ, ಊಟಕ್ಕ ಅರ್ಧ ತಾಸು ಮುಂಚೆ. ಇದು ನೀರಿನ ಗುಳಿಗಿ, ಮುಂಜಾನಿನೇ ಕೊಡ್ರಿ. ರಾತ್ರಿ ಕೊಟ್ರ ಅಜ್ಜಿ ಬೆಳಗಾಗೂತನಾ ಬಚ್ಚಲಿಗಿ ತಿರುಗ್ತಾಳ."

ನಾನು ಪ್ರತಿ ಪಟ್ಟಿಯ ಬೆನ್ನ ಮೇಲೆ ಕನ್ನಡದಲ್ಲಿ ಬರೆದುಕೊಂಡೆ. ಒಂದು ಸಣ್ಣ ಬಿಳಿ ಗುಳಿಗೆಯ ಮುಂದೆ ಐದು, ಗೆರೆ, ಏಳು ಎಂದು ಇತ್ತು.

"ಇದು ಎದೀದು. ವಾರದಾಗ ಐದು ದಿನ ಅಷ್ಟ. ಶನಿವಾರ, ಐತವಾರ ಬ್ಯಾಡ."

"ಗುಳಿಗಿಗೂ ಸೂಟಿ ಅದ ಏನ್ರಿ?"

"ನಮಗಷ್ಟ ಇಲ್ಲ ನೋಡ್ರಿ," ಅಂದ ಅವನು, ಮತ್ತೊಂದು ಪಟ್ಟಿ ಎತ್ತಿಕೊಳ್ಳುತ್ತ. ನಾಲಿಗೆಯ ಕೆಳಗೆ ಇಡುವ ಗುಳಿಗೆಯನ್ನು ಡಬ್ಬಿಯಲ್ಲಿ ಹಾಕಬೇಡಿ ಎಂದು ಎರಡು ಸಲ ಹೇಳಿದ. ಎದೆ ನೋವು ಬಂದಾಗ ಮಾತ್ರ, ಕುಳಿತುಕೊಂಡು ತೆಗೆದುಕೊಳ್ಳುವುದು ಅದು. ದಿನದ ಲೆಕ್ಕದಲ್ಲಿ ಬರುವುದಿಲ್ಲ. ಅವ್ವನ ಕೈಗೆ ಯಾವಾಗಲೂ ಸಿಗುವಂತೆ ಇರಬೇಕು. ಅದು ಅವ್ವನ ಎಲೆಅಡಿಕೆಯ ಚಂಚಿ ಸೇರಿತು.

ಮನೆಗೆ ಬಂದು ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ನೆಲದ ಮೇಲೆ ಹಾಸಿದೆ. ಮೂಲೆಮಟ್ಟ ಇಟ್ಟು ಗೆರೆ ಹೊಡೆದೆ. ಡಬ್ಬಿಯಲ್ಲಿ ಇದ್ದ ಹಾಗೆಯೇ ಏಳು ಸಾಲು, ನಾಲ್ಕು ಖಾನೆ. ಗೆರೆ ಹೊಡೆಯುವುದು ನನಗೆ ಹೊಸದಲ್ಲ. ಆದರೆ ಖಾನೆಗಳ ಮೇಲೆ ಏನು ಬರೆಯುವುದು? ಮುಂಜಾನೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಬರೆದರೆ ಸಕ್ಕರೆಯ ಗುಳಿಗೆಯೂ ಊಟದ ನಂತರದ ಗುಳಿಗೆಗಳೂ ಒಂದೇ ಖಾನೆಯಲ್ಲಿ ಬೀಳುತ್ತಿದ್ದವು. ಅವ್ವನಿಗೆ ಓದು ಬರಹ ಇಲ್ಲ, ಗಡಿಯಾರವೂ ತಿಳಿಯದು. ಒಮ್ಮೆಲೇ ಎಲ್ಲ ನುಂಗಿಬಿಡುತ್ತಾಳೆ. ಸಂಜೆಗೆ ಬೇರೆ ಗುಳಿಗೆಯೇ ಇರಲಿಲ್ಲ. ಅದನ್ನು ತೆಗೆದು ಮುಂಜಾನೆಯನ್ನೇ ಎರಡು ಮಾಡಿದೆ. ಮೊದಲನೆಯದು ಪೂಜೆ ಮುಗಿದ ಮೇಲೆ, ರೊಟ್ಟಿಗೆ ಮುಂಚೆ. ಎರಡನೆಯದು ರೊಟ್ಟಿ ಉಂಡ ಮೇಲೆ. ಮೂರನೆಯದು ಮಧ್ಯಾಹ್ನದ ಊಟದ ಮೇಲೆ, ನಾಲ್ಕನೆಯದು ಹಾಸಿಗೆಗೆ ಹೋಗುವಾಗ.

ಅವ್ವ ಲಿಂಗಪೂಜೆ ಆಗದೆ ಗುಟುಕು ನೀರು ಸಹ ಕುಡಿಯುವವಳಲ್ಲ. ಅದಕ್ಕೇ ಪೂಜೆಯಿಂದ ಶುರು ಮಾಡಿದ್ದು. ಅವಳು ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದಳು.

"ಅವ್ವಾ, ಪೂಜಿ ಆದ ಮ್ಯಾಲ ರೊಟ್ಟಿ ತಿನ್ನಲಿಕ್ಕ ಎಷ್ಟೊತ್ತು ಆಗ್ತದ?"

"ನಿನ್ನ ಹೆಂಡತಿ ರೊಟ್ಟಿ ಬಡಿಯೂತನಾ."

"ನಾ ಬಡದು ಇಟ್ಟಿರ್ತೇನಿ ಅತ್ತಿ," ಒಳಗಿಂದ ದನಿ ಬಂತು. "ನೀವೇ ಬರೂದು ಲೇಟು."

ಐತವಾರದ ಸಾಲು ಬರೆದು ಮುಗಿಸಿದೆ. ಎದೆಯ ಗುಳಿಗೆ ಇಲ್ಲ ಎಂದು ಅಡ್ಡ ಗೆರೆ ಎಳೆದೆ. ಕೆಳಗೆ ಸೋಮವಾರ. ಅದೇ ಪ್ರಕಾರ ಬರೆಯುತ್ತ, "ರೊಟ್ಟಿ ಉಂಡ ಮ್ಯಾಲ ನೀರಿನ ಗುಳಿಗಿ, ಎದೀದು" ಎಂದು ಓದಿ ಹೇಳಿದೆ.

"ಸೋಮವಾರ ಎಲ್ಲಿ ರೊಟ್ಟಿ?" ಅಂದಳು ಅವ್ವ. "ಅವತ್ತು ಉಣ್ಣೂದು ದೀಪ ಹಚ್ಚಿದ ಮ್ಯಾಲ."

ನನ್ನ ಕೈ ಅಲ್ಲೇ ನಿಂತಿತು. ಅವ್ವನ ಸೋಮವಾರದ ಒಪ್ಪತ್ತು ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ನಾನು ಹುಟ್ಟುವುದಕ್ಕೂ ಮುಂಚಿನಿಂದ ನಡೆದದ್ದು. ಬಿಸಿಲು, ಮಳೆ, ಬಾಣಂತನ ಯಾವುದಕ್ಕೂ ಬಿಟ್ಟವಳಲ್ಲ. ಅಷ್ಟು ಗೊತ್ತಿದ್ದದ್ದಕ್ಕೇ ಯಾರೂ ಅದನ್ನು ಡಾಕ್ಟರಿಗೆ ಹೇಳಲಿಲ್ಲ. ರೋಗ ಹೇಳುತ್ತಾರೆ, ನೋವು ಹೇಳುತ್ತಾರೆ. ಒಪ್ಪತ್ತನ್ನು ಯಾರು ಹೇಳುತ್ತಾರೆ?

"ಗುಳಿಗಿ ಅವತ್ತೂ ತಗೋತಿ?"

"ಗುಳಿಗಿ ಅಂದ್ರ ಊಟ ಏನಪಾ? ಪೂಜಿ ಆತು, ನುಂಗಿದೆ."

ಹೆಂಡತಿ ಕೈ ಒರೆಸುತ್ತ ಬಾಗಿಲಿಗೆ ಬಂದು ನಿಂತಳು. "ಎರಡೂ ಸಲ ಸೋಮವಾರನೇ ಬಿದ್ದಾರ್ರಿ. ಗೋಧಿ ಹುಗ್ಗಿ ಒಲಿ ಮ್ಯಾಲ ಇತ್ತು, ಬಿಟ್ಟು ಓಡಿದ್ದು ನೆಪ್ಪದ ನನಗ. ಹುಗ್ಗಿ ಮಾಡೂದು ಸೋಮವಾರ ಅಷ್ಟ."

ಸಕ್ಕರೆ ಇಳಿಸುವ ಗುಳಿಗೆ ಮುಂಜಾನೆ ಒಳಗೆ ಹೋಗುತ್ತದೆ, ಅದರ ಹಿಂದೆ ಊಟ ಹೋಗುವುದಿಲ್ಲ. ಮೈಯೊಳಗಿನ ಸಕ್ಕರೆ ಇಳಿಯುತ್ತ ಇಳಿಯುತ್ತ ಹೋಗುತ್ತದೆ. ಬೆಲ್ಲದ ನೀರಿಗೆ ಯಾಕೆ ಎದ್ದು ಕುಳಿತಳೆಂಬುದು ಆಗ ತಲೆಗೆ ಹೋಯಿತು.

ಅವ್ವ ನಮ್ಮಿಬ್ಬರ ಮುಖ ನೋಡಿದಳು. ಕಾಲು ಮಡಿಚಿ ಸೆರಗು ಬಿಗಿ ಮಾಡಿಕೊಂಡಳು.

"ಸೋಮವಾರ ಬಿಡು ಅಂತ ಮಾತ್ರ ಅನಬ್ಯಾಡ್ರಿ. ಬೇಕಾದ್ರ ಗುಳಿಗಿ ಎಲ್ಲಾ ಹಳ್ಳಕ್ಕ ಹಾಕ್ತೇನಿ."

ಸಾಲನ್ನು ನಾನೇ ತಿದ್ದಬಹುದಿತ್ತು. ಆದರೆ ಕಲ್ಲು ತಪ್ಪಿದರೆ ಕಿತ್ತು ಹಾಸಬಹುದು, ಇದು ಹಾಗಲ್ಲ. ಸೋಮವಾರದ ಸಾಲು ಖಾಲಿ ಬಿಟ್ಟು, ಮರುದಿನ ಕೆಲಸ ಬಿಟ್ಟು, ಅವ್ವನನ್ನು ಕರೆದುಕೊಂಡು ಕಲಬುರ್ಗಿಯ ಬಸ್ಸು ಹತ್ತಿದೆ. ದವಾಖಾನೆಯಲ್ಲಿ ಪಾಳಿ ಬರುವತನಕ ಬೆಂಚಿನ ಮೇಲೆ ಕುಳಿತು ನನಗೆ ತೂಕಡಿಕೆ. ಅವ್ವನೇ ಮೊಣಕೈಯಿಂದ ತಿವಿದು ಎಬ್ಬಿಸಿದಳು.

ಡಾಕ್ಟರ ಮುಖದಲ್ಲೂ ದಣಿವು ಇತ್ತು. ಹಾಳೆಯನ್ನು ಚೀಟಿಯ ಪಕ್ಕ ಇಟ್ಟುಕೊಂಡು ಸಾಲಿಗೆ ಸಾಲು ತಾಳೆ ನೋಡಿದರು. "ಸೋಮವಾರ ಯಾಕ ಖಾಲಿ?" ಎಂದರು. ಹೇಳಿದೆ. ಪೆನ್ನು ಕೆಳಗಿಟ್ಟರು.

"ಅಜ್ಜಿ, ಈ ವಯಸ್ಸಿಗೆ ಒಪ್ಪತ್ತು ಸಾಕು. ಬಿಟ್ಟುಬಿಡ್ರಿ."

"ನೀವು ಐತವಾರ ದವಾಖಾನಿ ಬಂದ್ ಇಡ್ತೀರಿಲ್ರಿ?"

"ಇಡ್ತೇವಿ."

"ನನಗ ಸೋಮವಾರ ಹಂಗ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಯಾರ ಮುಂದೂ ಕೈ ಮುಗಿದು ನಿಂತವನಲ್ಲ, ಅವತ್ತೂ ನಿಲ್ಲಲಿಲ್ಲ. ಎದೆಯ ಗುಳಿಗೆಯ ಅಡ್ಡ ಗೆರೆ ತೋರಿಸಿದೆ.

"ಇದಕ್ಕ ಎರಡು ದಿನ ಸೂಟಿ ನೀವೇ ಬರದೀರಿ ಸಾಹೇಬ್ರ. ಸಕ್ಕರಿ ಗುಳಿಗಿಗಿ ಒಂದು ದಿನ ಕೊಡಲಿಕ್ಕ ಬರ್ತದೇನು, ಕೇಳ್ಲಿಕ್ಕ ಬಂದೇನಿ."

"ಆ ಮಾತು ಬ್ಯಾರೆ. ಎದೀದು ಮೈಯಾಗ ಉಳಕೊಂತ ಹೋಗ್ತದ, ಅದಕ್ಕ ಸೂಟಿ. ಸಕ್ಕರೀದು ಊಟಕ್ಕ ಜೋಡಿ. ಊಟ ಇಲ್ಲಂದ್ರ ಇದು ಹೋಗಲೇಬಾರದು." ಅವತ್ತೇ ರಕ್ತ ತಪಾಸಣೆ ಮಾಡಿಸಿದರು. ಕಾಗದ ಬಂದ ಮೇಲೆ ಮತ್ತೆ ಕರೆದರು. "ಸೋಮವಾರ ಸಕ್ಕರಿ ಗುಳಿಗಿ ಬ್ಯಾಡ. ಆದ್ರ ಬರೀ ಹೊಟ್ಟೀಲಿ ಇರೂದೂ ಬ್ಯಾಡ. ಪೂಜಿ ಆದ ಮ್ಯಾಲ ಹಾಲು, ಬಾಳಿಹಣ್ಣು. ಮಧ್ಯಾಹ್ನ ಮತ್ತ ಅದೇ. ಉಳದ ಗುಳಿಗಿ ಅದರ ಮ್ಯಾಲ. ನೀರು ಕುಡೀಬೇಕು. ಒಪ್ಪಿದ್ರ ಬರೀತೇನಿ, ಇಲ್ಲಂದ್ರ ಇಲ್ಲ."

ಅವ್ವ ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು. ಹೊರಗಿನವರು ಬಾಗಿಲು ತಳ್ಳತೊಡಗಿದ್ದರು.

"ಹಣ್ಣು ನಡೀತದ," ಅಂದಳು ಕೊನೆಗೆ. "ಹಾಲೂ ನಡೀತದ. ಬೇಯಿಸಿದ್ದು ದೀಪ ಹಚ್ಚಿದ ಮ್ಯಾಲೇ."

ಡಾಕ್ಟರು ನನ್ನ ಹಾಳೆಯ ಮೇಲೇ ಸೋಮವಾರದ ಸಾಲು ತುಂಬಿ ಸಹಿ ಮಾಡಿದರು. ಬೇರೆ ಉಪವಾಸ ಬಂದರೆ ಕೇಳದೆ ಏನೂ ಬದಲು ಮಾಡಬಾರದು, ಬೆವರು ನಡುಕ ಬಂದರೆ ಯಾವ ವಾರವಾದರೂ ಸಕ್ಕರೆ ನೀರು ಕೊಟ್ಟು ಕರೆತರಬೇಕು ಎಂದು ನನಗೆ ತಾಕೀತು ಮಾಡಿದರು.

ಮುಂದಿನ ಸೋಮವಾರ ಕೆಲಸಕ್ಕೆ ತಡವಾಗಿ ಹೋದೆ. ಡಬ್ಬಿಯ ಮುಚ್ಚಳಗಳ ಮೇಲೆ ಇಂಗ್ಲಿಷ್ ಅಕ್ಷರ ಇದ್ದವು. ಸೋಮವಾರದ ಸಾಲಿಗೆ ಅವ್ವ ತಾನೇ ವಿಭೂತಿ ಬಳಿದು ಗುರುತು ಮಾಡಿಕೊಂಡಿದ್ದಳು. ಪೂಜೆ ಮುಗಿಸಿ ನಮ್ಮ ಕಡೆ ಬೆನ್ನು ಮಾಡಿ ಕುಳಿತು ಬಾಳೆಹಣ್ಣು ತಿಂದಳು, ಏನೋ ಕದ್ದು ತಿಂದವರ ಹಾಗೆ.

"ಅರ್ಧ ಸೋಮವಾರ ಆತು ಇದು," ಅಂದಳು.

"ಇಡೀ ಅವ್ವ ಇದ್ದಾಳಲ್ಲ," ಅಂದೆ. ಅವಳು ಸಿಪ್ಪೆ ನನ್ನ ಕೈಗಿಟ್ಟಳು.

ಸಂಜೆ ಬಂದಾಗ ಹುಗ್ಗಿಯ ಪಾತ್ರೆ ಒಲೆಯ ಮೇಲೇ ಇತ್ತು, ಹೆಂಡತಿ ಅದರ ಮುಂದೆಯೇ ಇದ್ದಳು. ಅವ್ವ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ನಾನು ಕಾಲು ತೊಳೆಯದೆ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

ಆಮೇಲೆ ಪ್ರತಿ ಶನಿವಾರ ಸಂಜೆ ಡಬ್ಬಿ ತುಂಬುವ ಕೆಲಸ ನನ್ನದಾಯಿತು. ಸಿಮೆಂಟಿಗೆ ಸೀಳಿದ ಬೆರಳಲ್ಲಿ ಆ ಸಣ್ಣ ಗುಳಿಗೆ ಹಿಡಿಯುವುದು ಫರಸಿ ಎತ್ತಿದ್ದಕ್ಕಿಂತ ದಣಿವು. ಸೋಮವಾರದ ಮೊದಲ ಖಾನೆ ಖಾಲಿ ಎಂದು ಅವ್ವನಿಗೆ ಗೊತ್ತಿತ್ತು. ಆದರೂ ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಅದರ ಮುಚ್ಚಳ ತೆಗೆದು ನನಗೆ ತೋರಿಸುತ್ತಿದ್ದಳು.

"ಖಾಲಿ ಅದ ನೋಡು," ಅಂದು, ಮುಚ್ಚಿ, ಹಾಲಿನ ಬಟ್ಟಲು ಎತ್ತಿಕೊಳ್ಳುತ್ತಿದ್ದಳು.