ಮೊದಲ ವಾಕ್ಯದ ಬಲೆ

ಸ್ಪರ್ಧಾ ಪರೀಕ್ಷೆಗೆ ಪಾಠ ಹೇಳುವ ಆ ಭಾಷಾ ಮೇಷ್ಟ್ರಿಗೆ ಎದುರಿಗೆ ಯಾರಾದರೂ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಹುಡುಗರು ಬೆನ್ನ ಹಿಂದೆ ಅವರನ್ನು 'ಸಿಐಡಿ' ಅನ್ನುತ್ತಿದ್ದರು. ಅವರು ನಂಬುತ್ತಿದ್ದದ್ದು ಒಬ್ಬಳನ್ನೇ, ಅದೇ ತರಗತಿಯಲ್ಲಿ ಓದುತ್ತಿದ್ದ ಮಗಳನ್ನು.

ಈ ಸಲ ಅವರ ಕಣ್ಣು ಬಿದ್ದದ್ದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ದರ್ಜಿಯೊಬ್ಬನ ಹೆಂಡತಿಯ ಮೇಲೆ. ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು, ಅವಳಿಗೆ ಇದೇ ಕೊನೆಯ ಅವಕಾಶ. ಬೇರೆ ವಿಷಯಗಳಲ್ಲಿ ಅಷ್ಟಕ್ಕಷ್ಟೇ. ವಾಕ್ಯಗಳನ್ನು ಸರಿಯಾಗಿ ಜೋಡಿಸುವ ಪ್ರಶ್ನೆ ಬಂದರೆ ಮಾತ್ರ ಪಟಪಟನೆ ಗುರುತು ಹಾಕುತ್ತಾಳೆ, ಒಂದೂ ತಪ್ಪುವುದಿಲ್ಲ.

"ಅಪ್ಪಾ, ನಿಮ್ಮ ಬ್ಯಾಗಿಂದ ಅವಳು ಉತ್ತರ ನೋಡ್ಕೊಳ್ತಾಳೆ ಅನ್ಸುತ್ತೆ," ಎಂದಳು ಮಗಳು.

ಸಾಕಲ್ಲ! "ಉತ್ತರ ಕದ್ದೋರು ನಾಳೆಯಿಂದ ಈ ಬಾಗಿಲು ತುಳಿಯಬಾರದು," ಎಂದು ಪ್ರಾಂಶುಪಾಲರಿಂದ ಮಾತು ತೆಗೆದುಕೊಂಡ ಮೇಷ್ಟ್ರು ಬಲೆ ಹೆಣೆದರು. ತರಗತಿಯ ಕಿರುಪರೀಕ್ಷೆಗೆ ಪ್ರಶ್ನೆಗಳನ್ನು ಬರೆದರು, ಮೊದಲನೆಯದು ಹೀಗೆ:

ಕ. ಆ ಬೀಗದ ಕೀಲಿ ಯಾರ ಬಳಿಯೂ ಇರಲಿಲ್ಲ.
ಖ. ಗ್ರಂಥಾಲಯದ ಹಿಂದೆ ಒಂದು ಕೋಣೆ ಇತ್ತು.
ಗ. ಹಾಗಾಗಿ ಕೊನೆಗೆ ಬಡಗಿಯನ್ನು ಕರೆಸಿದರು.
ಘ. ಅದರ ಬಾಗಿಲಿಗೆ ದೊಡ್ಡ ಬೀಗ ಹಾಕಿತ್ತು.

ಆಯ್ಕೆಗಳು: ಖಘಕಗ, ಖಕಘಗ, ಘಕಖಗ, ಕಖಘಗ.

ಹಿಂದೆ ಹೇಳಿದ್ದನ್ನು ನೆಚ್ಚಿಕೊಂಡ 'ಆ', 'ಅದರ', 'ಹಾಗಾಗಿ' ಇದ್ದ ವಾಕ್ಯ ಇಲ್ಲಿ ಮೊದಲು ಬರಲಾರದು. ಆದ್ದರಿಂದ ಶುರು ಖ. ಬೀಗದ ಮಾತು ಎತ್ತುವುದು ಘ, 'ಆ ಬೀಗ' ಅನ್ನುವುದು ಕ, ಆ ಜೋಡಿ ಬಿಡಿಸಬಾರದು. ಸರಿಯುತ್ತರ ಖಘಕಗ. ಆದರೆ ಬ್ಯಾಗಿನಲ್ಲಿಟ್ಟ ಉತ್ತರದ ಚೀಟಿಯಲ್ಲಿ ಮೇಷ್ಟ್ರು ಬೇಕೆಂದೇ ಕಖಘಗ ಎಂದು ಬರೆದರು. ಉಳಿದ ಪ್ರಶ್ನೆಗಳಿಗೂ ಹಾಗೇ. ಓದಿದವರು ಯಾರೂ 'ಆ ಬೀಗ' ಎಂದು ಶುರು ಮಾಡುವುದಿಲ್ಲ, ಕದ್ದವರು ಮಾತ್ರ ಸಿಕ್ಕಿಬೀಳುತ್ತಾರೆ.

ಬ್ಯಾಗು ಹಗಲೆಲ್ಲ ತರಗತಿಯ ಮೇಜಿನ ಮೇಲೆ, ಸಂಜೆ ಮನೆಯ ಗೂಟದ ಮೇಲೆ.

ಪರೀಕ್ಷೆ ಮುಗಿದದ್ದೇ ದರ್ಜಿಯ ಹೆಂಡತಿಯ ಹಾಳೆಗೆ ಕೈಹಾಕಿದರು. ಖಘಕಗ! ಪೆನ್ಸಿಲಿನಲ್ಲಿ 'ಅದರ', 'ಆ', 'ಹಾಗಾಗಿ'ಗಳಿಗೆ ಗೆರೆ ಎಳೆದು, ಆ ವಾಕ್ಯಗಳಿಂದ ಶುರುವಾಗುವ ಆಯ್ಕೆಗಳನ್ನು ಮೊದಲೇ ಹೊಡೆದುಹಾಕಿದ್ದಳು. 'ಘ'ದಿಂದ 'ಕ'ಕ್ಕೆ ಒಂದು ಪುಟ್ಟ ಬಾಣ. ಮೇಷ್ಟ್ರು ತರಗತಿಯಲ್ಲಿ ಗಂಟಲು ಹರಿದುಕೊಂಡು ಹೇಳಿಕೊಟ್ಟ ರೀತಿಯೇ ಅದು, ಅಷ್ಟು ಅಚ್ಚುಕಟ್ಟಾಗಿ ಬೇರೆ ಯಾರೂ ಅದನ್ನು ಕಲಿತಿರಲಿಲ್ಲ. ನಾಚಿಕೆಯಾಯಿತು. ಹಾಗಿದ್ದರೆ ಯಾರೂ ಕದ್ದಿಲ್ಲ ಎಂದು ಉಸಿರುಬಿಟ್ಟು ಉಳಿದ ಹಾಳೆಗಳನ್ನು ತಿರುವಿದರು.

ಒಂದು ಹಾಳೆಯಲ್ಲಿ ಕಖಘಗ. ಮುಂದಿನ ಪ್ರಶ್ನೆಗೂ ಚೀಟಿಯದ್ದೇ ಉತ್ತರ, ಅದರ ಮುಂದಿನದಕ್ಕೂ. ಒಂದು ಗೆರೆ ಇಲ್ಲ, ಒಂದು ಬಾಣ ಇಲ್ಲ. ಅಕ್ಷರ ಗುರುತಿಸಲು ಹೆಸರು ನೋಡಬೇಕಾಗಿರಲಿಲ್ಲ, ಕೈಹಿಡಿದು ತಿದ್ದಿಸಿದವರೇ ಅವರು.

ಪ್ರಾಂಶುಪಾಲರು ಒಳಗೆ ಇಣುಕಿದರು. "ಸಿಕ್ಕಿದ್ಲಾ ಸಾರ್ ನಿಮ್ಮ ಕಳ್ಳಿ? ಆ ದರ್ಜಿ ಹೆಂಡ್ತೀನ ಕಳ್ಸಿಬಿಡ್ಲಾ? ಹೊರಗೇ ಕೂತಿದಾಳೆ."

ಹೂಂ ಅಂದರೆ ಮಗಳು ಉಳಿಯುತ್ತಿದ್ದಳು. ಮೇಷ್ಟ್ರು ಮಗಳ ಹಾಳೆಯನ್ನು ಎಲ್ಲದರ ಮೇಲಿಟ್ಟರು.

"ಆಯಮ್ಮನ್ನ ಪಾಠಕ್ಕೆ ಕೂರ್ಸಿ ಸಾರ್," ಎಂದರು. "ಕಳ್ಳೀನ ನಾನೇ ಮನೆಗೆ ಕರ್ಕೊಂಡು ಹೋಗ್ತೀನಿ."