ಗುಂಡನ ತಳಿಚೀಟಿ

ಲಕ್ಕಿ ಕಳಿಸಿದ ಫೋಟೋ ಮೂರು ದಿನದಿಂದ ವಿನುತಾಳ ಮೊಬೈಲಿನಲ್ಲಿತ್ತು. ಅಳಿಸಲು ಕೈ ಬರಲಿಲ್ಲ, ಉತ್ತರ ಕೊಡಲು ಬಾಯಿ ಬರಲಿಲ್ಲ. ಹಾಲು ಕಾಯಿಸುವಾಗ, ಮಗಳ ತಲೆ ಬಾಚುವಾಗ, ಗಂಡನ ಡಬ್ಬಿಗೆ ಅನ್ನ ತುಂಬುವಾಗ, ಆ ಫೋಟೋ ಅವಳ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಹಿರೇಗುತ್ತಿಯ ಸಿಗಡಿ ಕೆರೆಯ ದಂಡೆ. ಕಾವಲಿನವರ ತಗಡಿನ ಗುಡಿಸಲು. ಗುಡಿಸಲಿನ ಕಂಬಕ್ಕೆ ಎಮ್ಮೆ ಕಟ್ಟುವಂಥ ಸರಪಳಿ, ಸರಪಳಿಯ ತುದಿಯಲ್ಲಿ ಅವಳು ಸಾಕಿದ್ದ ನಾಯಿ ಗುಂಡ. ಪಕ್ಕೆಲುಬು ಎಣಿಸುವ ಹಾಗೆ ಎದ್ದಿವೆ. ಅವನಿಂದ ಎರಡು ಮಾರು ದೂರದಲ್ಲಿ ಕಾವಲಿನವನ ಹೆಂಡತಿ ಲಕ್ಕಿಯ ನಾಲ್ಕು ವರ್ಷದ ಮಗಳು ನಾಗು ಕುಕ್ಕರಗಾಲಲ್ಲಿ ಕೂತು ನಗುತ್ತಿದ್ದಾಳೆ. ಫೋಟೋದ ಜೊತೆಗೆ ಲಕ್ಕಿಯ ದನಿಯೂ ಬಂದಿತ್ತು: “ಅಕ್ಕಾ, ಗುಂಡ ಮೊದ್ಲಿನ ಹಾಂಗೆ ಇಲ್ಲ. ದಿನಕ್ಕೊಂದೇ ಸಲ ಹಾಕು ಅಂದಾರೆ ಸಾವ್ಕಾರ್ರು. ಹಸಿದ್ರೆ ನಾಯಿ ಜೋರಾಗ್ತದಂತೆ. ನಮ್ಮ ನಾಗು ಮಾತ್ರ ಕದ್ದು ತನ್ನ ಅನ್ನ ಹಾಕ್ತದೆ. ಎಂತ ಹೇಳಿದ್ರೂ ಕೇಳೂದಿಲ್ಲ.”

ವಿನುತಾ ಹುಟ್ಟಾ ಹೆದರುಪುಕ್ಕಲಿಯೇನಲ್ಲ. ಹುಬ್ಬಳ್ಳಿಯಲ್ಲಿ ಓದಿದವಳು, ಕಾಲೇಜಿಗೆ ಸ್ಕೂಟಿಯಲ್ಲಿ ಹೋಗಿ ಬಂದವಳು. ಸುಜಯನನ್ನು ಮದುವೆಯಾಗಿ ಹೊನ್ನಾವರಕ್ಕೆ ಬಂದ ಮೇಲೂ ಮೊದಲೆರಡು ವರ್ಷ ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಟ್ಟಳು. ಸ್ಮೃತಿ ಹುಟ್ಟಿದ ಮೇಲೆ ಮಾತ್ರ ಅವಳಿಗೆ ಜಗತ್ತೆಲ್ಲ ಚೂಪು ಚೂಪಾಗಿ ಕಾಣತೊಡಗಿತು. ಮೇಜಿನ ಮೂಲೆಗೆ ಬಟ್ಟೆ ಸುತ್ತಿದಳು. ಬಾವಿಯ ಕಟ್ಟೆಗೆ ಬಲೆ ಹಾಕಿಸಿದಳು. “ಇನ್ನು ಸಮುದ್ರಕ್ಕೊಂದು ಮುಚ್ಚಳ ಹಾಕಿಸೂದು ಬಾಕಿ,” ಎಂದು ಸುಜಯ ಕುಶಾಲು ಮಾಡುತ್ತಿದ್ದ.

ಅಂಥವಳ ಮನೆಗೆ ಗುಂಡ ಬಂದದ್ದೇ ಒಂದು ಸೋಜಿಗ. ಮನೆ ಬಾಗಿಲಿಗೆ ಮೀನು ತರುವ ಮಾದಿ ಒಂದು ದಿನ ಖಾಲಿ ಬುಟ್ಟಿಯಲ್ಲಿ ಮರಿಯೊಂದನ್ನು ಕೂರಿಸಿಕೊಂಡು ಬಂದಿದ್ದಳು. ಕಾಸರಕೋಡಿನ ದೋಣಿಗಳ ನೆರಳಲ್ಲಿ ಹುಟ್ಟಿದ್ದು, ತಾಯಿ ಲಾರಿಗೆ ಸಿಕ್ಕಿತ್ತು. “ಎರಡು ದಿನ ಇಟ್ಕಣಿ ತಂಗಿ,” ಎಂದು ಬಿಟ್ಟು ಹೋದದ್ದು ಒಂದೂವರೆ ವರ್ಷವಾಯಿತು. ಸ್ಮೃತಿ ಅವನ ಕಿವಿ ಹಿಡಿದೇ ನಡೆಯಲು ಕಲಿತಳು.

ಬೆಳೆದಂತೆ ಗುಂಡನ ತಲೆ ಅಗಲವಾಯಿತು, ದವಡೆ ದಪ್ಪವಾಯಿತು. ಪಕ್ಕದ ಮನೆಯ ದಿನಕರ ಒಂದು ಬೆಳಿಗ್ಗೆ ಬೇಲಿಯಾಚೆ ನಿಂತು, “ಇದು ಬರೀ ಊರನಾಯಿ ಅಲ್ಲ ತಂಗಿ. ಪಿಟ್‌ಬುಲ್ ಸೇರಿದೆ ಇದ್ರಲ್ಲಿ. ಪೇಪರಲ್ಲಿ ಓದೂದಿಲ್ವಾ? ಸಾಕಿದವ್ರ ಮಗುನ್ನೇ ಹರಿದು ಹಾಕ್ತವೆ,” ಎಂದ. ಹೇಳಿದವನು ಹಲ್ಲುಜ್ಜುತ್ತ ಒಳಗೆ ಹೋದ. ಕೇಳಿದವಳಿಗೆ ಅವತ್ತಿನಿಂದ ನಿದ್ದೆ ಹೋಯಿತು.

ಆನ್‌ಲೈನಿನಲ್ಲಿ ಡಿಎನ್‌ಎ ಪರೀಕ್ಷೆಯ ಕಿಟ್ ತರಿಸಿದಳು. ಗುಂಡನಿಗೆ ಒಂದು ತಾಸು ಏನೂ ಕೊಡದೆ, ಬೇರೆ ನಾಯಿಯ ಹತ್ತಿರ ಬಿಡದೆ, ಹತ್ತಿಯ ಕಡ್ಡಿಯನ್ನು ಅವನ ಕೆನ್ನೆಯೊಳಗೆ ತಿರುವಿ, ನಳಿಕೆಗೆ ಹಾಕಿ ದೂರದೂರಿನ ಲ್ಯಾಬಿಗೆ ಕಳಿಸಿದಳು. ಗಣಿತದ ಟೀಚರು, ಒಂದು ಸೂಚನೆಯನ್ನೂ ತಪ್ಪಿಸಲಿಲ್ಲ. ತಿಂಗಳಾದ ಮೇಲೆ ವರದಿ ಬಂತು. ಮೊದಲ ಪುಟದಲ್ಲಿ ಬಣ್ಣದ ಚಕ್ರ: ಪಿಟ್‌ಬುಲ್ ಬಗೆಯದು ಮೂವತ್ತನಾಲ್ಕು ಪರ್ಸೆಂಟ್, ರಾಟ್‌ವೈಲರ್ ಹತ್ತೊಂಬತ್ತು, ಚೌ ಚೌ ಹದಿನಾರು, ಉಳಿದದ್ದು ಚೂರುಪಾರು.

ಮೂವತ್ತನಾಲ್ಕು. ಅವಳು ಮುಂದಿನ ಪುಟ ತೆರೆಯಲಿಲ್ಲ. ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು. ಹೊರಗೆ ಗುಂಡ ಬಾಗಿಲು ಕೆರೆಯುತ್ತಿದ್ದ. ಆ ಸದ್ದು ನಿನ್ನೆಯವರೆಗೆ ಬರೀ ಕೆರೆಯುವ ಸದ್ದಾಗಿತ್ತು.

“ಯಾರಿಗಾದ್ರೂ ಕೊಟ್ಬಿಡಿ. ಇವತ್ತೇ,” ಎಂದಳು ಗಂಡನಿಗೆ.

ಊರನಾಯಿಯನ್ನು ಈ ಸೀಮೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಕಾಗದವಿರುವ ನಾಯಿಯ ಮಾತೇ ಬೇರೆ. ಸುಜಯ ವರದಿಯ ಮೊದಲ ಪುಟವನ್ನು ಪರಿಚಯದ ಶಾಂತಾರಾಮನಿಗೆ ಕಳಿಸಿದ. ಹಿರೇಗುತ್ತಿಯಲ್ಲಿ ಶಾಂತಾರಾಮನ ಸಿಗಡಿ ಕೆರೆಗಳಿದ್ದವು. ಸಿಗಡಿ ಹಿಡಿಯುವ ದಿನ ಹತ್ತಿರ ಬಂದಂತೆ ಕಳ್ಳರ ಕಾಟ. ಹತ್ತು ನಿಮಿಷದಲ್ಲಿ ಅವನ ಉತ್ತರ ಬಂತು: “ಅಸಲಿ ಮಾಲು. ತಕ್ಕೊಂಬನ್ನಿ.”

ಬಿಡಬೇಕಾದ ನಾಯಿಯನ್ನು ಹೊಳೆ ದಾಟಿಸಬೇಕು, ದಾರಿ ಕಾಣದಂತೆ ಗೋಣಿಯಲ್ಲಿ ಒಯ್ಯಬೇಕು. ಇಲ್ಲವಾದರೆ ತಿರುಗಿ ಬರುತ್ತದೆ ಎಂದು ಊರಿನವರ ನಂಬಿಕೆ. ಗೋಣಿಯ ಬಾಯಿಯನ್ನು ವಿನುತಾಳೇ ಹಿಡಿದಿದ್ದಳು. ಗುಂಡ ಆಟವೆಂದು ತಿಳಿದು ತಾನಾಗಿ ಒಳಗೆ ಹೊಕ್ಕ. ಮಿರ್ಜಾನ ದಾಟಿ ಅಘನಾಶಿನಿಯ ಸೇತುವೆಯ ಮೇಲೆ ಕಾರು ಹೋಗುವಾಗ ಗೋಣಿ ಒಮ್ಮೆ ಕುಂಯ್ ಎಂದಿತು, ಅಷ್ಟೆ.

“ಅಲ್ಲಿ ಮಕ್ಕಳುಮರಿ ಯಾರೂ ಇಲ್ಲ,” ಎಂದಿದ್ದ ಸುಜಯ. ಕೆರೆಯ ಹತ್ತಿರ ಕಾರು ನಿಂತಾಗ ಮೊದಲು ಓಡಿ ಬಂದವಳು ನಾಗು. ಹಿಂದೆ ಕಾವಲಿನ ಶುಕ್ರ, ಅವನ ಹೆಂಡತಿ ಲಕ್ಕಿ.

“ಮಕ್ಕಳ ಹತ್ರ ಹ್ಯಾಂಗಿರ್ತದೆ ಅಕ್ಕಾ?” ಲಕ್ಕಿ ಕೇಳಿದ್ದು ಅದೊಂದೇ ಪ್ರಶ್ನೆ.

“ನಮ್ಮಲ್ಲೂ ಸಣ್ಣ ಮಗು ಇದೆಯಲ್ಲ,” ಎಂದಳು ವಿನುತಾ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾಗು ಆಗಲೇ ಗೋಣಿಯ ಗಂಟಿಗೆ ಕೈ ಹಾಕಿದ್ದಳು. ತನ್ನ ಮಡಿಲಿನ ಕೆಂಡವನ್ನು ಇನ್ನೊಬ್ಬಳ ಸೂರಿಗೆ ಸಿಕ್ಕಿಸಿ ವಿನುತಾ ಕಾರು ಹತ್ತಿದಳು. ಲಕ್ಕಿ ಓಡಿ ಬಂದು ಕಿಟಕಿಯಲ್ಲಿ ಫೋನ್ ನಂಬರ್ ಬರೆಸಿಕೊಂಡಳು. ಗುಂಡನ ಸುದ್ದಿ ತಿಳಿಸುತ್ತೇನೆಂದಳು.

ಅದಾಗಿ ಇಪ್ಪತ್ತು ದಿನ. ಈಗ ಈ ಫೋಟೋ.

ಗುಂಡನ ರೇಬಿಸ್ ಲಸಿಕೆಯ ಪುಸ್ತಕ ಕಪಾಟಿನಲ್ಲಿ ಉಳಿದಿತ್ತು. ಅದನ್ನೇ ನೆಪ ಮಾಡಿಕೊಂಡು ವಿನುತಾ ಆ ಮಧ್ಯಾಹ್ನ ಸ್ಮೃತಿಯನ್ನು ಎತ್ತಿಕೊಂಡು ಪಶುವೈದ್ಯೆ ವಂದನಾ ಅವರ ಹತ್ತಿರ ಹೋದಳು. ಮಾತಿಗೆ ಮಾತು ಸೇರಿ ವರದಿಯ ವಿಷಯ ಬಂತು. ಡಾಕ್ಟರು ಅವಳ ಮೊಬೈಲು ತೆಗೆದುಕೊಂಡು ಚಕ್ರ ನೋಡಿ ನಕ್ಕರು.

“ರಾಟ್‌ವೈಲರ್, ಚೌ ಚೌ, ಇಲ್ನೋಡಿ, ಮೂರು ಪರ್ಸೆಂಟ್ ಗ್ರೇಟ್ ಡೇನು, ಎರಡು ಪೊಮೇರಿಯನ್ನು! ಇವೆಲ್ಲ ಯಾವಾಗ ಕಾಸರಕೋಡಿನ ಟೊಂಕದ ಕಡಲದಂಡೆಗೆ ದಿಬ್ಬಣ ಬಂದಿದ್ವು ಮಾರಾಯ್ರೆ?”

ವಿನುತಾಳಿಗೆ ನಗು ಬರಲಿಲ್ಲ. “ಹಾಗಾದ್ರೆ ಪರೀಕ್ಷೆ ಸುಳ್ಳಾ?”

“ಸುಳ್ಳಲ್ಲ. ಕೊನೇ ಪುಟ ಓದಿದ್ರಾ?”

ಓದಿರಲಿಲ್ಲ. ಡಾಕ್ಟರು ಬೆರಳಿನಿಂದ ಪುಟ ಸರಿಸಿದರು. ಕೊನೆಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ತಳಿಗಳ ಪಟ್ಟಿ. “ಲ್ಯಾಬಿನವ್ರು ನಿಮ್ಮ ನಾಯಿಯ ಡಿಎನ್‌ಎನ ತಮ್ಮ ಹತ್ರ ಇರೋ ನಾಯಿಗಳ ಜೊತೆ ಹೋಲಿಸ್ತಾರೆ. ಅವ್ರ ಪಟ್ಟಿ ಇದು. ಇದ್ರಲ್ಲಿ ನಮ್ಮ ಬೀದಿ ನಾಯಿ ಎಲ್ಲಿದೆ ಹೇಳಿ?”

ವಿನುತಾ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ಇರಲಿಲ್ಲ.

“ಪಟ್ಟಿಯಲ್ಲಿ ಇಲ್ದೇ ಇದ್ದದ್ದು ಉತ್ತರದಲ್ಲಿ ಬರೂದು ಹ್ಯಾಂಗೆ? ಹತ್ತಿರ ಹತ್ತಿರ ಕಂಡ ಹೆಸರು ಅಂಟಿಸ್ತದೆ. ಅಜ್ಜನೋ ಅಪ್ಪನೋ ಲ್ಯಾಬ್ರಡಾರ್ ಆಗಿದ್ದ ಬೆರಕೆ ನಾಯಿ ತನ್ನಿ, ಇದೇ ಪರೀಕ್ಷೆ ಚೆನ್ನಾಗಿ ಹೇಳ್ತದೆ. ನಾವು ಕಣ್ಣಲ್ಲಿ ನೋಡಿ ಹೇಳೂದಕ್ಕಿಂತ ಎಷ್ಟೋ ವಾಸಿ. ಕೆಲವು ಕಾಯಿಲೆ, ಕೆಲವು ಔಷಧ ಆಗ್ದೇ ಇರೂದು, ಅದೂ ಕೆಲವು ಲ್ಯಾಬಲ್ಲಿ ಗೊತ್ತಾಗ್ತದೆ. ಆದ್ರೆ ಎರಡು ಮೂರು ಪರ್ಸೆಂಟನ್ನ ನಂಬೂದು ಕಷ್ಟ. ತಲೆತಲಾಂತರದ ಊರನಾಯಿ ಆದ್ರೆ ದೊಡ್ಡ ಅಂಕೆಯೂ ಜಾರ್ತದೆ. ನಮ್ಮ ನಾಯಿಗಳನ್ನ ಸೇರಿಸ್ಕೊಂಡ ಇನ್ನೊಂದು ಲ್ಯಾಬಿಗೆ ಕಳಿಸಿದ್ರೆ ಬಹುಶಃ ಬೇರೆಯೇ ಉತ್ತರ ಬರ್ತಿತ್ತು.”

“ಅಂದ್ರೆ ಗುಂಡ ಪಿಟ್‌ಬುಲ್ ಅಲ್ಲ?”

“ಅಲ್ಲ ಅಂತ ನಾನು ಬರೆದು ಕೊಡೂದಿಲ್ಲ. ಈ ಕಾಗದದಿಂದ ಹೌದು ಅಂತಲೂ ಆಗೂದಿಲ್ಲ.” ಡಾಕ್ಟರು ಮೊಬೈಲು ವಾಪಸು ಕೊಟ್ಟರು. “ಹೌದೇ ಆಗಿದ್ರೂ, ಈ ನಾಯಿ ಕಚ್ತದೋ ಇಲ್ವೋ ಅಂತ ಯಾವ ಲ್ಯಾಬೂ ಹೇಳೂದಿಲ್ಲ. ತಳಿಯಿಂದ ಒಂದು ನಾಯಿಯ ಸ್ವಭಾವ ಗೊತ್ತಾಗೂದು ಬಹಳ ಕಡಿಮೆ. ನಿಮ್ಮ ಮಗಳು ಕಿವಿ ಎಳೆದಾಗ ಎಂತ ಮಾಡ್ತಿತ್ತು?”

“ಆಕಳಿಸ್ತಿತ್ತು.”

“ಅದನ್ನ ಬರೆದಿಟ್ಕೊಳ್ಳಿ. ಆದ್ರೆ ಯಾವ ನಾಯಿನಾದ್ರೂ ಸರಿ, ಹಗಲೂ ರಾತ್ರಿ ಸರಪಳಿಗೆ ಹಾಕಿ, ಹೊಡೆದು, ಉಪವಾಸ ಕೆಡವಿದ್ರೆ ಬೇರೆ ಮಾತು. ಹಸಿದ ನಾಯಿಯ ಬಾಯಿಗೂ ಅನ್ನಕ್ಕೂ ನಡುವೆ ಮಗುವಿನ ಕೈ ಬಂತಾ, ಅದು ಯಾವ ತಳಿ ಅಂತ ಮತ್ತೆ ಯಾರೂ ಕೇಳೂದಿಲ್ಲ. ಎಲ್ಲಿದ್ದಾನೆ ಈಗ ಗುಂಡ?”

ವಿನುತಾ ಮಗಳನ್ನು ಎತ್ತಿಕೊಂಡು ಎದ್ದಳು. ಲಸಿಕೆಯ ಪುಸ್ತಕ ಮೇಜಿನ ಮೇಲೆಯೇ ಉಳಿಯಿತು.

ಹೊರಗೆ ಬಿಸಿಲು ಸುರಿಯುತ್ತಿತ್ತು. ಆಸ್ಪತ್ರೆಯ ಗೋಡೆಗೆ ಆತುಕೊಂಡು ಅವಳು ಮೊದಲು ಸುಜಯನಿಗೆ ಫೋನು ಮಾಡಿ, ಡಾಕ್ಟರ ಮಾತು ಹೇಳಿ, ಗುಂಡನನ್ನು ತಿರುಗಿ ತರೋಣವೆಂದಳು.

“ಈಗ ಎಂತ ಮಾಡೂದು ಮಾರಾಯ್ತಿ?” ಎಂದ ಅವನು. “ಶಾಂತಾರಾಮ ಊರಿಗೆಲ್ಲ ಆ ಚಕ್ರ ತೋರ್ಸಿದ್ದಾನೆ. ಮೆಣಸಿನ ನೀರು ಗುಂಡನ ಮೂಗಿಗೆ ಹಚ್ತಾನಂತೆ, ಸಿಟ್ಟು ಏರ್ಲಿ ಅಂತ. ಈಗ ಹೋಗಿ ಅದು ಊರನಾಯಿ ಅಂದ್ರೆ ನನ್ನ ಮರ್ಯಾದೆ ಎಂತಾಗ್ಬೇಕು? ನಾಡಿದ್ದು ಸಿಗಡಿ ಹಿಡಿದು ಮುಗೀಲಿ. ಆಮೇಲೆ ನೋಡುವ.”

“ನಾಡಿದ್ದಾ?”

“ನೀ ಸುಮ್ನಿರು. ನಮ್ಮ ಮಗು ನಮ್ಮ ಹತ್ರ ಇದೆಯಲ್ಲ.”

ಅವನು ಫೋನು ಇಟ್ಟ. ನಮ್ಮ ಮಗು ನಮ್ಮ ಹತ್ತಿರ: ಇಪ್ಪತ್ತು ದಿನದ ಹಿಂದೆ ಅವಳೂ ಇದೇ ಲೆಕ್ಕ ಹಾಕಿದ್ದಳು. ಹೆದರಿಕೆ ಖರೆಯೆಂದು ತಿಳಿದಿದ್ದಾಗಲೇ ನಾಗುವಿನ ಅಂಗಳಕ್ಕೆ ಗೋಣಿ ಇಳಿಸಿದ್ದಳು. ಈಗ ಚೀಟಿ ಪೊಳ್ಳಾಗಿತ್ತು. ಅದನ್ನು ನಂಬಿದವರು ಮಾತ್ರ ಅಲ್ಲಿ ಗುಂಡನನ್ನು ಚೀಟಿಯಲ್ಲಿದ್ದ ಹಾಗೆಯೇ ತಿದ್ದುತ್ತಿದ್ದರು. ಗಂಟೆ ಎರಡಾಗಿತ್ತು. ಉಣ್ಣುವ ಹೊತ್ತು.

ಲಕ್ಕಿಯ ನಂಬರ್ ಒತ್ತಿದಳು. ಒಂದು ಸಲ ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದಳು.

“ಹಾಂ ಅಕ್ಕಾ,” ಲಕ್ಕಿಯ ದನಿ. “ಪಾತ್ರೆ ತೊಳೀತಿದ್ದೆ.”

“ಲಕ್ಕೀ, ನಾಗು ಎಲ್ಲಿದೆ?”

“ಇಲ್ಲೇ ಉಣ್ತಿತ್ತು...” ಮಾತು ಅಲ್ಲೇ ನಿಂತಿತು. “ನಾಗೂ! ಏ ನಾಗೂ!”

ಫೋನಿನೊಳಗೆ ಗಾಳಿ, ತಗಡಿನ ಬಡಿತ. ಸರಪಳಿ ಎಳೆದು ಬಿಗಿಯಾದ ಸದ್ದು. ಆಮೇಲೆ ವಿನುತಾ ಯಾವತ್ತೂ ಕೇಳದಿದ್ದ, ಗುಂಡನ ಗಂಟಲಿನಾಳದ ಗುರ್‌ ಗುರ್‌. ಲಕ್ಕಿ ಓಡುತ್ತಿದ್ದಳು. “ಬಟ್ಲು ಬಿಡು! ಬಿಡು ಅಂದೆ ನಾ!” ಬಟ್ಟಲು ಕಲ್ಲಿಗೆ ಬಡಿದ ಸದ್ದು, ಮಗುವಿನ ಅಳು.

ವಿನುತಾ ಸ್ಮೃತಿಯನ್ನು ಅವಚಿ ಹಿಡಿದಳು. “ಲಕ್ಕೀ? ಲಕ್ಕೀ, ಎಂತಾತು?”

ಲಕ್ಕಿ ಏದುಸಿರು ಬಿಡುತ್ತಿದ್ದಳು. “ಎಂತಾ ಆಗ್ಲಿಲ್ಲ. ಎತ್ಕಂಡೆ. ಗುಂಡ ಹಲ್ಲು ತೋರ್ಸ್ತಿತ್ತು ಅಕ್ಕಾ, ನಮ್ಮ ನಾಗುಗೆ ಹಲ್ಲು ತೋರ್ಸ್ತಿತ್ತು.” ಆಮೇಲೆ ಅವಳ ದನಿ ತಣ್ಣಗಾಯಿತು. “ನೀವ್ಯಾಕೆ ಸರೀ ಇದೇ ಹೊತ್ತಿಗೆ ಫೋನ್ ಮಾಡಿದ್ರಿ? ನಿಮಗೆ ಎಂತಾರೂ ಗೊತ್ತಿತ್ತಾ?”

ಹೇಳಬಹುದಾದ ಜಾಣ ಉತ್ತರಗಳು ನಾಲಿಗೆಯ ತುದಿಯಲ್ಲೇ ಇದ್ದವು. ವಿನುತಾ ಅವನ್ನೆಲ್ಲ ನುಂಗಿಕೊಂಡಳು.

“ನಾ ಬರ್ತಿದ್ದೇನೆ ಲಕ್ಕೀ, ಗುಂಡನ್ನ ಕರ್ಕೊಂಡು ಹೋಗೂಕೆ. ಸಾವ್ಕಾರ್ರು ಎಂತ ಹೇಳಿದ್ರೂ ಸರಿ. ಅಲ್ಲೀವರೆಗೆ ನಾಗುನ ಒಳಗಿಟ್ಕೋ, ಅವನಿಗೆ ದೂರದಿಂದ ಅನ್ನ ನೀರು ತಳ್ಳು,” ಎಂದಳು. “ಮತ್ತೆ, ಅವತ್ತು ನೀ ಕೇಳಿದ್ದಕ್ಕೆ ನಾ ಸರಿಯಾಗಿ ಉತ್ತರ ಹೇಳಿರ್ಲಿಲ್ಲ. ನಂಗೆ ಒಂದು ಕಾಗದ ಬಂದಿತ್ತು. ನನ್ನ ಮಗೂಗೆ ಹೆದ್ರಿ ನಾಯಿನ ನಿನ್ನ ಮನೆಗೆ ತಂದು ಬಿಟ್ಟೆ.”

ಆ ಕಡೆ ನಾಗುವಿನ ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ.

“ಎಂತ ಕಾಗದ?” ಎಂದಳು ಲಕ್ಕಿ. “ಪೂರ್ತಿ ಹೇಳಿ.”